ಒಂದೇ ಹಾಲಿಗೆ ಎರಡು ಮದುವೆ: ತಾರೀಖುಗಳ ಡಿಕ್ಕಿಯನ್ನು COUNTIFS ಮೂಲಕ ಹಿಡಿಯುವುದು ಹೇಗೆ?

ಬಾಗಲಕೋಟೆ, ವಿಜಯಪುರ ಭಾಗದ ಮಂಗಲ ಕಾರ್ಯಾಲಯಗಳಲ್ಲಿ ಬುಕಿಂಗ್ ವಹಿ ಈಗ ಎಕ್ಸೆಲ್ ಹಾಳೆಗೆ ಬಂದಿದೆ. ಆದರೆ ಡಿಕ್ಕಿ ಹುಡುಕುವ ಕೆಲಸವನ್ನು ಇನ್ನೂ ಕಣ್ಣಿಗೇ ಬಿಟ್ಟವರು ಬಹಳ. ಅರಿಷಿಣದ ದಿನದಿಂದ ಬೀಗರ ಊಟದವರೆಗೆ ಹಾಲ್ ಹಿಡಿಯುವವರಿರುವುದರಿಂದ ಪ್ರತಿ ಬುಕಿಂಗ್ ಒಂದು ತಾರೀಖಲ್ಲ, ಒಂದು ಅವಧಿ. ಸೂತ್ರ ಬರೆಯುವವರು ಎಡವುವುದೂ ಇಲ್ಲಿಯೇ.

ಮೊದಲು ಹಾಳೆಯನ್ನು ಹೊಂದಿಸಿಕೊಳ್ಳಿ: A ಕಾಲಂನಲ್ಲಿ ಹಾಲಿನ ಹೆಸರು, B ಯಲ್ಲಿ ಆರಂಭದ ತಾರೀಖು, C ಯಲ್ಲಿ ಮುಕ್ತಾಯದ ತಾರೀಖು, D ಯಲ್ಲಿ ಬುಕ್ ಮಾಡಿದವರ ಹೆಸರು. ಹಾಲಿನ ಹೆಸರನ್ನು ಟೈಪ್ ಮಾಡಲು ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡಿ. ‘ದೊಡ್ಡ ಹಾಲ್’ ಮತ್ತು ‘ದೊಡ್ಡಹಾಲ್’ ಎಕ್ಸೆಲ್‌ಗೆ ಎರಡು ಬೇರೆ ಹಾಲುಗಳು.

ಈಗ ಮುಖ್ಯ ಸಂಗತಿ. ಹೆಚ್ಚಿನವರು ‘ನನ್ನ ಆರಂಭದ ತಾರೀಖು ಬೇರೊಬ್ಬರ ಆರಂಭ ಮತ್ತು ಮುಕ್ತಾಯದ ನಡುವೆ ಬೀಳುತ್ತದೆಯೇ’ ಎಂದು ಕೇಳುತ್ತಾರೆ. ಮೇ 10ರಿಂದ 12ರವರೆಗೆ ಹಾಲ್ ಕೊಟ್ಟಾಗಿದ್ದು, ಹೊಸಬರು 9ರಿಂದ 16ರವರೆಗೆ ಕೇಳಿದರೆ, 9 ಎಂಬುದು 10 ಮತ್ತು 12ರ ನಡುವೆ ಇಲ್ಲ. ಆದ್ದರಿಂದ ಹೊಸ ಸಾಲಿನಲ್ಲಿ ಎಚ್ಚರಿಕೆ ಬರುವುದಿಲ್ಲ. ಮುಕ್ತಾಯದ ತಾರೀಖನ್ನೂ ಹಾಗೆಯೇ ಪರೀಕ್ಷಿಸಿದರೂ 16 ಕೂಡ ಹೊರಗೇ ಉಳಿಯುತ್ತದೆ. ಹಳೆಯ ಅವಧಿಯನ್ನು ಪೂರ್ತಿ ನುಂಗಿದ ಬುಕಿಂಗ್ ಹೀಗೆ ತಪ್ಪಿಸಿಕೊಳ್ಳುತ್ತದೆ.

ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಎರಡು ಬುಕಿಂಗ್ ಯಾವಾಗ ಡಿಕ್ಕಿಯಾಗುವುದಿಲ್ಲ? ಅವರದು ನಮ್ಮದು ಮುಗಿದ ಮೇಲೆ ಶುರುವಾಗಬೇಕು, ಇಲ್ಲವೇ ನಮ್ಮದು ಶುರುವಾಗುವ ಮೊದಲೇ ಮುಗಿದಿರಬೇಕು, ಇವೆರಡೇ ದಾರಿ. ಇವೆರಡೂ ಇಲ್ಲವೆಂದರೆ ಅವರ ಆರಂಭ ನಮ್ಮ ಮುಕ್ತಾಯದ ದಿನ ಅಥವಾ ಅದಕ್ಕಿಂತ ಮೊದಲು, ಮತ್ತು ಅವರ ಮುಕ್ತಾಯ ನಮ್ಮ ಆರಂಭದ ದಿನ ಅಥವಾ ಅದರ ನಂತರ ಇರುತ್ತದೆ. ಆರಂಭವನ್ನು ಮುಕ್ತಾಯಕ್ಕೆ, ಮುಕ್ತಾಯವನ್ನು ಆರಂಭಕ್ಕೆ ಅಡ್ಡಡ್ಡ ಹೋಲಿಸುವುದರಲ್ಲಿಯೇ ಇದರ ಕೀಲಿ ಇದೆ. ಕೊಟ್ಟ ಷರತ್ತುಗಳಿಗೆಲ್ಲ ಹೊಂದುವ ಸಾಲುಗಳು ಎಷ್ಟೆಂದು COUNTIFS ಎಣಿಸುತ್ತದೆ. E2 ಯಲ್ಲಿ ಹೀಗೆ ಬರೆದು ಕೆಳಕ್ಕೆ ಎಳೆಯಿರಿ:

```
=COUNTIFS($A$2:$A$1000,A2,$B$2:$B$1000,"<="&C2,$C$2:$C$1000,">="&B2)
```

ಡಾಲರ್ ಚಿಹ್ನೆಗಳನ್ನು ಬಿಟ್ಟರೆ ಸೂತ್ರ ಕೆಳಗಿಳಿದಂತೆ ವ್ಯಾಪ್ತಿಯೂ ಜಾರಿ, ಮೇಲಿನ ಸಾಲುಗಳು ಲೆಕ್ಕದಿಂದ ಹೊರಬೀಳುತ್ತವೆ. ಹೋಲಿಕೆಯ ಚಿಹ್ನೆ ಉದ್ಧರಣದೊಳಗೆ, C2 ಹೊರಗೆ, ನಡುವೆ & ಇರಬೇಕು; `"<=C2"` ಎಂದು ಬರೆದರೆ ಎಕ್ಸೆಲ್ ಅದನ್ನು ಬರೀ ಅಕ್ಷರವೆಂದು ತಿಳಿಯುತ್ತದೆ.

ದೊಡ್ಡ ಹಾಲಿಗೆ ಮೂರು ಬುಕಿಂಗ್‌ಗಳಿವೆ ಎನ್ನೋಣ: ಮೇ 10–12, ಮೇ 14–15, ಮೇ 12–14. ಉತ್ತರ ಕ್ರಮವಾಗಿ 2, 2, 3 ಎಂದು ಬರುತ್ತದೆ. ಪ್ರತಿ ಸಾಲೂ ತನ್ನನ್ನು ತಾನು ಎಣಿಸಿಕೊಳ್ಳುವುದರಿಂದ 1 ಎಂದರೆ ಹಾಲ್ ಖಾಲಿ ಇತ್ತು, ಅದಕ್ಕಿಂತ ಹೆಚ್ಚಾದರೆ ಡಿಕ್ಕಿ. 3 ಬಂತೆಂದು ಮೂವರೂ ಪರಸ್ಪರ ಡಿಕ್ಕಿಯಾಗಿದ್ದಾರೆ ಎಂದು ತಿಳಿಯಬಾರದು. ಇಲ್ಲಿ ಮೊದಲಿನವರಿಬ್ಬರ ನಡುವೆ ತಕರಾರಿಲ್ಲ. ನಡುವೆ ಸೇರಿಕೊಂಡವರನ್ನು ಬೇರೆ ತಾರೀಖಿಗೆ ಒಪ್ಪಿಸಿದರೆ ಸಾಕು.

ಬಾದಾಮಿಯ ವಸತಿಗೃಹದ ಕೋಣೆಗೆ ಇದೇ ಸೂತ್ರ ಹೊಂದುವುದಿಲ್ಲ. ಬೆಳಿಗ್ಗೆ ಒಬ್ಬರು ಖಾಲಿ ಮಾಡಿದ ಕೋಣೆಗೆ ಮಧ್ಯಾಹ್ನ ಇನ್ನೊಬ್ಬರು ಬರಬಹುದಾದ್ದರಿಂದ ಅಲ್ಲಿ `"<"&C2` ಮತ್ತು `">"&B2` ಎಂದು ಬರೆಯಿರಿ. ಆದರೆ ಬಂದ ದಿನವೇ ಹೊರಡುವವರ ಸಾಲು ಆಗ ತನ್ನನ್ನೇ ಎಣಿಸಿಕೊಳ್ಳದೆ 0 ತೋರಿಸುತ್ತದೆ, ಅದೇ ದಿನದ ಅಂತಹ ಇನ್ನೊಂದು ಬುಕಿಂಗನ್ನೂ ಹಿಡಿಯುವುದಿಲ್ಲ. ಅಂಥವರನ್ನು ಬೇರೆ ಹಾಳೆಯಲ್ಲಿ ಇಡುವುದೇ ಲೇಸು.

ಸೂತ್ರ ಸರಿಯಿದ್ದೂ ಡಿಕ್ಕಿ ಸಿಗದಿದ್ದರೆ ತಾರೀಖನ್ನು ಅನುಮಾನಿಸಿ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 13/06/2026 ಎಂಬುದು ತಾರೀಖಾಗದೆ ಬರೀ ಅಕ್ಷರವಾಗಿ ಕೋಶದ ಎಡಕ್ಕೆ ಅಂಟಿಕೊಳ್ಳುತ್ತದೆ, 05/06/2026 ಎಂಬುದು ಸದ್ದಿಲ್ಲದೆ ಮೇ 6 ಆಗುತ್ತದೆ. ಮೊದಲನೆಯದನ್ನು `=ISNUMBER(B2)` ಪತ್ತೆ ಹಚ್ಚುತ್ತದೆ; ಎರಡನೆಯದನ್ನು ಹಚ್ಚುವುದಿಲ್ಲ. ಆದ್ದರಿಂದ ಸೆಟ್ಟಿಂಗನ್ನು ಭಾರತಕ್ಕೆ ಬದಲಿಸಿ, ಕೋಶಗಳಿಗೆ ತಿಂಗಳ ಹೆಸರು ಕಾಣುವ `dd-mmm-yyyy` ವಿನ್ಯಾಸ ಕೊಟ್ಟು, ಅಕ್ಷರವಾಗಿ ಉಳಿದವನ್ನೂ ಅದಲುಬದಲಾದವನ್ನೂ ಕೈಯಿಂದಲೇ ತಿದ್ದಿ. ಮುಕ್ತಾಯದ ಕೋಶ ಖಾಲಿ ಇದ್ದರೂ ಆ ಸಾಲು ಲೆಕ್ಕಕ್ಕೆ ಬರುವುದಿಲ್ಲ. ಒಂದೇ ದಿನದ ಕಾರ್ಯವಾದರೂ ಎರಡೂ ಕಾಲಂ ತುಂಬಲೇಬೇಕು.

ಬಣ್ಣಬಣ್ಣದ ಕ್ಯಾಲೆಂಡರ್ ಇರುವ ಸಿದ್ಧ ಹಾಳೆಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅವುಗಳಲ್ಲಿ ಹಲವು ಆರಂಭದ ದಿನವನ್ನಷ್ಟೇ ನೋಡುತ್ತವೆ. ಸಂಖ್ಯೆ ಸರಿಯಾಗಿ ಬಂದ ಮೇಲೆ E ಕಾಲಂನಲ್ಲಿ 1ಕ್ಕಿಂತ ಹೆಚ್ಚಿರುವ ಸಾಲುಗಳಿಗೆ ಕೆಂಪು ಬಳಿಯಿರಿ. ತಪ್ಪು ಬುಕಿಂಗ್ ಒಳಗೇ ಬರಬಾರದೆಂದರೆ, C ಕಾಲಂನ ಡೇಟಾ ವ್ಯಾಲಿಡೇಷನ್‌ನಲ್ಲಿ ಕಸ್ಟಮ್ ಆರಿಸಿ, ಇದೇ ಸೂತ್ರದ ಕೊನೆಗೆ `=1` ಸೇರಿಸಿ. ಅದು ಟೈಪ್ ಮಾಡಿದ್ದನ್ನು ತಡೆಯುತ್ತದೆ, ಬೇರೆಡೆಯಿಂದ ತಂದು ಅಂಟಿಸಿದ್ದನ್ನು ತಡೆಯುವುದಿಲ್ಲ. ಆ ಕಾರಣಕ್ಕೆ E ಕಾಲಂ ಅನ್ನು ಅಳಿಸಬೇಡಿ.