ನೆನೆದ ಕ್ಯಾಮೆರಾಕ್ಕೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ಹೇಗೆ?

ಮಳೆಗಾಲದಲ್ಲಿ ಫೋಟೊ ತೆಗೆಯಲು ಹೊರಟವರ ಗಮನವೆಲ್ಲ ಮೇಲಿಂದ ಬೀಳುವ ಹನಿಯ ಮೇಲಿರುತ್ತದೆ. ಆದರೆ ಲೆನ್ಸ್ ಕೆಡಿಸುವ ತೇವ ಗಾಳಿಯಿಂದಲೂ ಒಳಗೆ ಸೇರುತ್ತದೆ.

ಎಚ್ಚರಿಕೆ ಎಸಿ ಕಾರಿನಿಂದ ಇಳಿಯುವ ಮೊದಲೇ ಶುರುವಾಗಬೇಕು. ತಣ್ಣಗಿರುವ ಗಾಜಿಗೆ ಹೊರಗಿನ ಹಸಿ ಗಾಳಿ ತಗುಲಿದರೆ ಮಂಜು ಕವಿಯುತ್ತದೆ. ಗಾಜು ತಣ್ಣಗಿರುವಷ್ಟು ಹೊತ್ತೂ ಒರೆಸಿದಂತೆಲ್ಲ ಮತ್ತೆ ಕವಿಯುತ್ತದೆ. ಹಾಗಾಗಿ ಕಾರಿನೊಳಗೇ ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ ಗಾಳಿಯಾಡದಂತೆ ಮುಚ್ಚಿ. ಇಳಿದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ತೆರೆಯಬೇಡಿ. ಇಬ್ಬನಿ ಕವರಿನ ಹೊರಗೇ ನಿಲ್ಲುತ್ತದೆ.

ಮಳೆಯಲ್ಲಿ ತೆಗೆಯುವಾಗ ಪ್ಲಾಸ್ಟಿಕ್ ಚೀಲಕ್ಕೆ ತೂತು ಮಾಡಿ, ಲೆನ್ಸ್ ಹುಡ್‌ನ ಸುತ್ತ ರಬ್ಬರ್ ಬ್ಯಾಂಡ್ ಹಾಕಿದರೆ ಸಾಧಾರಣ ಮಳೆಗೆ ಸಾಕು. ಲೆನ್ಸ್ ಬದಲಿಸುವ ಕೆಲಸ ಅಲ್ಲಿ ಬೇಡ. ಜೂಮ್ ಲೆನ್ಸ್ ಇದ್ದರೆ ಇನ್ನೊಂದು ಮಾತು: ಮುಂದೆ ಚಾಚಿದ ಕೊಳವೆಯ ಮೇಲೆ ನೀರು ಕೂತಿರುವಾಗಲೇ ಅದನ್ನು ಹಿಂದಕ್ಕೆ ತಿರುಗಿಸಿದರೆ ನೀರು ಒಳಗೆ ಹೋಗಬಹುದು. ಮೊದಲು ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ, ಆಮೇಲೆ ತಿರುಗಿಸಿ.

ಕ್ಯಾಮೆರಾ ಚೆನ್ನಾಗಿ ನೆನೆದೇ ಹೋಯಿತು ಎನ್ನಿ. ತಕ್ಷಣ ಆಫ್ ಮಾಡಿ, ಬ್ಯಾಟರಿ ತೆಗೆಯಿರಿ. ಕೆಲಸ ಮಾಡುತ್ತದೋ ನೋಡೋಣ ಎಂದು ಆನ್ ಮಾಡುವುದೇ ದೊಡ್ಡ ಅಪಾಯ, ಒಳಗಿನ ನೀರಿನಿಂದ ಸರ್ಕ್ಯೂಟ್ ಸುಡಬಹುದು. ಹೊರಮೈ ಪೂರ್ತಿ ಒರೆಸಿದ ಮೇಲೆ ಒಣಗಿದ ಜಾಗದಲ್ಲಿ ಕಾರ್ಡ್, ಲೆನ್ಸ್ ಬಿಚ್ಚಿ. ಎಲ್ಲವನ್ನೂ ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದೆರಡು ದಿನ ಇಡಿ. ಹೇರ್ ಡ್ರೈಯರ್ ಬೇಡ, ಬಿಸಿಗಾಳಿಗೆ ಅಂಟು ಸಡಿಲವಾಗಬಹುದು. ಅಕ್ಕಿಯಲ್ಲಿ ಹೂತಿಡುವುದೂ ಬೇಡ, ಅದರ ಹುಡಿ ಸಂದುಗಳಿಗೆ ಸೇರುತ್ತದೆ. ಸಮುದ್ರದ ಉಪ್ಪುನೀರು ಬಿದ್ದಿದ್ದರೆ ಒಣಗಿಸುತ್ತಾ ಕೂರದೆ ನೇರ ರಿಪೇರಿಯವರ ಹತ್ತಿರ ಒಯ್ಯಿರಿ.

ಒಣಗಿದ ಕ್ಯಾಮೆರಾವನ್ನು ಒದ್ದೆ ಬ್ಯಾಗಿಗೆ ಮರಳಿ ಹಾಕಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಬ್ಯಾಗಿನ ಸ್ಪಂಜು ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. ಮಳೆಗಾಲ ಮುಗಿಯುವವರೆಗೂ ಡಬ್ಬಿಯೇ ಒಳ್ಳೆಯದು. ಅದರಲ್ಲೊಂದು ಪುಟ್ಟ ತೇವಾಂಶ ಮಾಪಕವಿಟ್ಟು, ಮುಳ್ಳು ಶೇ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಶೇ 60 ದಾಟಿ ಹಾಗೇ ನಿಂತರೆ ಬೂಷ್ಟು ಬೆಳೆಯುವ ಸಾಧ್ಯತೆ ಹೆಚ್ಚು. ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದರ ಹೀರುವ ಶಕ್ತಿ ಮುಗಿದಿದೆ ಎಂದರ್ಥ, ಬದಲಿಸಿ.

ವಾರಕ್ಕೊಮ್ಮೆ ಲೆನ್ಸಿನ ಹಿಂದಿನಿಂದ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು ಕಂಡರೆ ಅದೇ ಬೂಷ್ಟು. ಆ ಲೆನ್ಸನ್ನು ಬೇರೆಯವುಗಳಿಂದ ದೂರವಿಟ್ಟು ಬೇಗ ಕ್ಲೀನಿಂಗ್‌ಗೆ ಕೊಡಿ. ಎಳೆಗಳು ಹೊಸದಾಗಿದ್ದರೆ ಒರೆಸಿ ತೆಗೆಯಬಹುದು. ತಡವಾದರೆ ಗಾಜಿನ ಲೇಪನವನ್ನೇ ತಿಂದು ಬಿಡುತ್ತವೆ, ಆ ಕಲೆ ಮತ್ತೆ ಹೋಗುವುದಿಲ್ಲ.