ಬ್ರಾಕೆಟ್ ಒಳಗಿನ 38: ರಿಸಲ್ಟ್ಸ್ ಬರೆಯೋವಾಗ ನನ್ನ ಅನುಭವ

ನಮ್ಮ ಸೈಕಾಲಜಿ ಲ್ಯಾಬ್‌ನಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದ್ವಿ. ಒಂದು ಗುಂಪು ಸದ್ದಿಲ್ಲದ ರೂಮಲ್ಲಿ ಪದಗಳ ಪಟ್ಟಿ ಓದಿ ನೆನಪಿಂದ ಬರೀಬೇಕು, ಇನ್ನೊಂದು ಗುಂಪು ಗದ್ದಲದಲ್ಲಿ ಅದನ್ನೇ ಮಾಡಬೇಕು. ರಿಸಲ್ಟ್ಸ್‌ನಲ್ಲಿ ನಾನು ಮೊದಲು ಬರೆದದ್ದು ಒಂದೇ ಸಾಲು, `t(38) = 2.20, p < .05`, ಅಷ್ಟೇ ಸಾಕು ಅಂದ್ಕೊಂಡಿದ್ದೆ.

ತಿದ್ದಿದ ಮೇಡಂ ಆ 38ರ ಸುತ್ತ ಪೆನ್ನಲ್ಲಿ ಗೆರೆ ಹಾಕಿ "ಇನ್ನಿಬ್ಬರು ಎಲ್ಲಿ?" ಅಂತ ಕೇಳಿದ್ರು. ನನಗೆ ಒಂದು ಕ್ಷಣ ಅರ್ಥನೇ ಆಗ್ಲಿಲ್ಲ. ಆಮೇಲೆ ಅವರೇ ಹೇಳಿದ್ರು, ಎರಡು ಬೇರೆ ಬೇರೆ ಗುಂಪಿನ ಟಿ-ಟೆಸ್ಟ್‌ನಲ್ಲಿ ಡಿಗ್ರೀಸ್ ಆಫ್ ಫ್ರೀಡಂ ಅಂದ್ರೆ ಒಟ್ಟು ಜನರಲ್ಲಿ ಎರಡು ಕಮ್ಮಿ, ಹಾಗಾಗಿ 38 ಅಂದ್ರೆ 40 ಜನ, ಆದ್ರೆ ನಿನ್ನ ಮೆಥಡ್‌ನಲ್ಲಿ 42 ಅಂತಿದೆಯಲ್ಲ. ನಿಜಾನೇ, ಪ್ರತಿ ಗುಂಪಲ್ಲೂ ಒಬ್ಬೊಬ್ಬರು ಅರ್ಧಕ್ಕೇ ನಿಲ್ಲಿಸಿದ್ರು ಅಂತ ಅವರ ಡೇಟಾ ತೆಗೆದಿದ್ದೆ, ಅದನ್ನ ಎಲ್ಲೂ ಬರೆದಿರ್ಲಿಲ್ಲ. ಅದೇ ಜನ ಎರಡೂ ಕಡೆ ಕೂತಿದ್ರೆ ಜೋಡಿ ಟೆಸ್ಟ್ ಆಗ್ತಿತ್ತು, ಆಗ 20 ಜನಕ್ಕೆ 19. ಅಂದ್ರೆ ಆ ಸಂಖ್ಯೆ ನೋಡಿದ್ರೇನೇ ಯಾವ ಟೆಸ್ಟ್, ಎಷ್ಟು ಜನ ಅಂತ ಓದೋರಿಗೆ ಗೊತ್ತಾಗುತ್ತೆ.

ಇನ್ನೊಂದು ಗೊಂದಲ ಸ್ಕ್ರೀನ್ ಮೇಲಿತ್ತು. ಲೆಕ್ಕ ಹಾಕೋ ಸಾಫ್ಟ್‌ವೇರ್ SPSS ಎರಡು ಸಾಲು ತೋರಿಸುತ್ತೆ, `Equal variances not assumed` ಅನ್ನೋ ಸಾಲಲ್ಲಿ 37.45 ಅಂತ ಪಾಯಿಂಟ್ ಇರೋ ಸಂಖ್ಯೆ ಇತ್ತು. ಅದು ತಪ್ಪಲ್ಲ, ವೆಲ್ಚ್ ಟೆಸ್ಟ್‌ನಲ್ಲಿ ಹಾಗೇ ಬರೋದು. ಆ ಟೆಸ್ಟ್ ಬಳಸಿದ್ರೆ ಅದನ್ನೇ ಬರೆದು ವೆಲ್ಚ್ ಅಂತ ಹೇಳ್ಬೇಕು, ಒಂದು ಸಾಲಿನ ಟಿ ತಗೊಂಡು ಇನ್ನೊಂದರ ಡಿಗ್ರೀಸ್ ಹಾಕಬಾರದು.

ಎಫೆಕ್ಟ್ ಸೈಜ್, ಅಂದ್ರೆ ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋದನ್ನ, ನಾನು ಕೈಯಲ್ಲೇ ಲೆಕ್ಕ ಹಾಕಿದೆ. ಸರಾಸರಿ 14.2 ಮತ್ತು 11.9, ವ್ಯತ್ಯಾಸ 2.3 ಪದ. ಸ್ಟ್ಯಾಂಡರ್ಡ್ ಡೀವಿಯೇಶನ್ 3.1 ಮತ್ತು 3.5, ಎರಡೂ ಸೇರಿಸಿದ್ದು, ಅಂದ್ರೆ ಪೂಲ್ಡ್, 3.31 ಬಂತು. 2.3 ಭಾಗಿಸು 3.31, ಕೋಹೆನ್ಸ್ ಡಿ 0.70. ಗುಂಪುಗಳು ಸಮ ಇದ್ದಾಗ ಇದನ್ನ ತಾಳೆ ನೋಡೋದೂ ಸುಲಭ, n ಅಂದ್ರೆ ಒಂದೊಂದು ಗುಂಪಲ್ಲಿರೋ ಜನ:

```
d = t × √(2/n) = 2.20 × √(2/20) = 0.70
```

ಇದು ಹೊಂದದಿದ್ರೆ ಎಲ್ಲೋ ಒಂದು ಸಂಖ್ಯೆ ತಪ್ಪಾಗಿ ಟೈಪ್ ಆಗಿದೆ ಅಂತ್ಲೇ ಅರ್ಥ. ಪಿ ಸಣ್ಣದಿದೆ ಅಂತ "ದೊಡ್ಡ ಪರಿಣಾಮ" ಅಂತ ಬರೆದಿದ್ದೆ, ಅದನ್ನ ಹೊಡೆದು ಹಾಕಿದೆ, ಯಾಕಂದ್ರೆ ಜನ ಜಾಸ್ತಿ ಆದ್ರೆ ಚಿಕ್ಕ ವ್ಯತ್ಯಾಸಕ್ಕೂ ಪಿ ಸಣ್ಣದಾಗುತ್ತೆ.

ಕೊನೆಗೆ ನಿಂತ ಸಾಲು ಇದು: ಪ್ರಯೋಗ ಪೂರ್ತಿ ಮಾಡದ ಇಬ್ಬರನ್ನು ಕೈಬಿಟ್ಟ ಮೇಲೆ 40 ಜನರಲ್ಲಿ, ಸದ್ದಿಲ್ಲದ ಗುಂಪು (M = 14.2, SD = 3.1) ಗದ್ದಲದ ಗುಂಪಿಗಿಂತ (M = 11.9, SD = 3.5) ಹೆಚ್ಚು ಪದ ನೆನಪಿಟ್ಟುಕೊಂಡಿತು, `t(38) = 2.20, p = .034, d = 0.70`, ವ್ಯತ್ಯಾಸದ 95% ಕಾನ್ಫಿಡೆನ್ಸ್ ಇಂಟರ್ವಲ್ 0.18ರಿಂದ 4.42 ಪದ.