ನಾಲ್ಕು ಕೈ ಓದಿ ಗುಡಿ ಓದಿದ್ದು: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಈ ಅಸೈನ್‌ಮೆಂಟ್‌ಗೆ 25ಕ್ಕೆ 23 ಬಂತು. ವಿಷಯ ತಗೊಂಡಾಗ ಕ್ಲಾಸಿನಲ್ಲಿ ಎಲ್ಲರೂ ನಕ್ಕಿದ್ದರು. ಧರ್ಮ ಮತ್ತು ಭೌತಿಕ ಸಂಸ್ಕೃತಿ ಪೇಪರ್‌ಗೆ ಒಂದು ಗುಡಿಯನ್ನು ಪಠ್ಯದ ಹಾಗೆ ಓದಿ ಬರೆಯಬೇಕಿತ್ತು. ಬೀದರ್ ಕಡೆಯ ಜಲಸಂಗಿಗೆ ಹೋಗು, ಶಾಸನ ಬರೆಯುವ ಶಿಲಾಬಾಲಿಕೆ ಮೇಲೆ ಎರಡು ಪುಟ ಗೀಚಿದರೆ ಮಾರ್ಕ್ಸ್ ಗ್ಯಾರಂಟಿ ಅಂತ ಸೀನಿಯರ್‌ಗಳು ಹೇಳಿದರು. ನಾನು ಆರಿಸಿದ್ದು ಕಲಬುರಗಿ ಜಿಲ್ಲೆಯ ಕಾಳಗಿ ಕಡೆಯ ಒಂದು ಹಳ್ಳಿಯ ಗುಡಿ. ಶಾಸನ ಇಲ್ಲ, ಬೋರ್ಡ್ ಇಲ್ಲ, ಗೂಗಲ್‌ನಲ್ಲಿ ಫೋಟೋ ಕೂಡ ಇಲ್ಲ. ಊರವರು ಈಶ್ವರ ಗುಡಿ ಅಂತಾರೆ, ಅಷ್ಟೇ.

ಮೂರು ಗರ್ಭಗುಡಿ, ನಡುವೆ ಒಂದೇ ನವರಂಗ, ಅಂದರೆ ಕಂಬಗಳ ಮಂಟಪ. ಕಲ್ಯಾಣ ಚಾಲುಕ್ಯರ ಕಾಲದ ತ್ರಿಕೂಟ ನೋಡಿದವರಿಗೆ ಇದು ಹೊಸದಲ್ಲ. ಬಲಗಡೆಯ ಚಿಕ್ಕ ಗರ್ಭಗುಡಿಯಲ್ಲಿ ಒಂದು ಲಿಂಗ ಇದೆ. ಹೊರಗೆ ಕಟ್ಟೆಯ ಮೇಲೆ, ಗೋಡೆಗೆ ಒರಗಿಸಿಟ್ಟ ಒಂದು ಕರಿಕಲ್ಲಿನ ವಿಗ್ರಹ. ಅದಕ್ಕೆ ಹಸಿರು ಸೀರೆ ಉಡಿಸಿ, ಮುಖಕ್ಕೆ ಅರಿಶಿನ ಬಳಿದು, ಬೆಳ್ಳಿ ಕಣ್ಣು ಅಂಟಿಸಿದ್ದಾರೆ. ಎಲ್ಲರಿಗೂ ಅದು ಅವ್ವ. ನನ್ನ ಇಡೀ ಅಸೈನ್‌ಮೆಂಟ್ ನಿಂತಿದ್ದು ಈ ಎರಡರ ಮೇಲೆ.

ಶುರುವಿನಲ್ಲಿ ಎಲ್ಲರೂ ಮಾಡುವ ಹಾಗೇ ಮಾಡಿದೆ. ಮೂರ್ತಿಲಕ್ಷಣಗಳ ಪಟ್ಟಿ ಜೆರಾಕ್ಸ್ ಮಾಡಿಸಿಕೊಂಡು ಹೋಗಿ ಒಂದೊಂದಕ್ಕೂ ಟಿಕ್ ಹಾಕುವುದು. ಅದರಿಂದ ಏನೂ ಹೊರಡಲಿಲ್ಲ, ಯಾಕಂದ್ರೆ ಪಟ್ಟಿ ಕೈಯಲ್ಲಿದ್ದರೆ ಪಟ್ಟಿಯಲ್ಲಿರುವುದೇ ಕಾಣುತ್ತದೆ. ಆಮೇಲೆ ಪೂಜಾರಿಯನ್ನು ಕೇಳಿ ಶುರು ಮಾಡುವುದು ಅಂತ ಒಂದು ದಾರಿ. ಅದೂ ಕೆಟ್ಟಿತು. "ಇದು ಲಕ್ಷ್ಮವ್ವ" ಅಂತ ಒಮ್ಮೆ ಕಿವಿಗೆ ಬಿದ್ದರೆ ಗದೆ ಕೂಡ ತಾವರೆ ದಂಟಿನ ಹಾಗೆ ಕಾಣುತ್ತದೆ.

ಫೋಟೋ ವಿಷಯದಲ್ಲಂತೂ ದುಡ್ಡು ನೀರಿನ ಹಾಗೆ ಹೋಯಿತು. ಫ್ಲ್ಯಾಶ್ ಹಾಕಿ ತೆಗೆದ ಮೊದಲ ಕಂತಿನ ಕಲರ್ ಪ್ರಿಂಟ್‌ಗೆ ಸುಮಾರು 600 ರೂಪಾಯಿ ಆಗಿರಬೇಕು, ಒಂದೂ ಉಪಯೋಗಕ್ಕೆ ಬರಲಿಲ್ಲ. ಎದುರಿನಿಂದ ಬೆಳಕು ಬಿದ್ದರೆ ಎಣ್ಣೆ ಹಿಡಿದ ಕಲ್ಲು ಬರೀ ಮಿಂಚುತ್ತದೆ, ಕೆತ್ತನೆ ಚಪ್ಪಟೆಯಾಗುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಮುನ್ನೂರು ಚಿಲ್ಲರೆಗೆ ಒಂದು ಟಾರ್ಚ್ ತಗೊಂಡೆ. ಅದನ್ನು ವಿಗ್ರಹದ ಪಕ್ಕದಲ್ಲಿ, ಹೆಚ್ಚುಕಡಿಮೆ ಕಲ್ಲಿಗೆ ಸವರಿದ ಹಾಗೆ ಹಿಡಿದು, ಫ್ಲ್ಯಾಶ್ ಬಂದ್ ಮಾಡಿ ತೆಗೆದರೆ ನೆರಳು ಬಿದ್ದು ಗೆರೆಗಳು ಎದ್ದು ಬರುತ್ತವೆ. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಹೊತ್ತು ಮುಳುಗಿದ ಮೇಲೆ ಮಾಡಿದರೆ ಇನ್ನೂ ಚೆಂದ. ಕಲ್ಲಿಗೆ ಸುಣ್ಣದಪುಡಿ, ಚಾಕ್ ಹಚ್ಚುವ ಚಾಳಿ ಬೇಡ, ಅದು ರಂಧ್ರದೊಳಗೆ ಕೂತರೆ ಹೋಗಲ್ಲ.

ಈಗ ಕೈಗಳ ವಿಷಯ, ಅವ್ವನನ್ನು ಓದಲು ಇದು ಬೇಕಾಗುತ್ತದೆ. ವಿಷ್ಣುವಿಗೆ ನಾಲ್ಕು ಕೈ. ಶಂಖ, ಚಕ್ರ, ಗದೆ, ಪದ್ಮ. ನಾಲ್ಕು ವಸ್ತು ನಾಲ್ಕು ಕೈಯಲ್ಲಿ 24 ರೀತಿ ಕೂರುತ್ತವೆ, ಹೆಸರೂ 24, ಆಚಮನದಲ್ಲಿ ಹೇಳುವ ಅವೇ ಕೇಶವಾದಿ ಹೆಸರುಗಳು. ಓದುವ ಕ್ರಮ ದೇವರ ಕೆಳಗಿನ ಬಲಗೈಯಿಂದ ಶುರು. ಆಮೇಲೆ ಮೇಲಿನ ಬಲ, ಮೇಲಿನ ಎಡ, ಕೆಳಗಿನ ಎಡ. ಎದುರು ನಿಂತವರಿಗೆ ಇದು ಪ್ರದಕ್ಷಿಣೆಯ ದಿಕ್ಕು. ಪದ್ಮ, ಶಂಖ, ಚಕ್ರ, ಗದೆ ಬಂದರೆ ಕೇಶವ. ಶಂಖ, ಪದ್ಮ, ಗದೆ, ಚಕ್ರ ಬಂದರೆ ನಾರಾಯಣ.

ಇಲ್ಲಿ ಒಂದು ಹಳ್ಳ ಇದೆ, ಬಹಳ ಜನ ಬೀಳುತ್ತಾರೆ. ಬಲ ಅಂದರೆ ದೇವರ ಬಲ, ನಮ್ಮ ಬಲ ಅಲ್ಲ. ಕೇಶವನನ್ನು ನಮ್ಮ ಬಲದಿಂದ ಓದಿದರೆ ಗದೆ, ಚಕ್ರ, ಶಂಖ, ಪದ್ಮ ಆಗುತ್ತದೆ. ಅದು ಮಾಧವ! ನಾರಾಯಣನನ್ನು ಹಾಗೆ ಓದಿದರೆ ಗೋವಿಂದ. ತಪ್ಪು ಓದಿದರೂ ಒಂದು ಸರಿಯಾದ ಹೆಸರೇ ಸಿಗುತ್ತದೆ, ಹಾಗಾಗಿ ತಪ್ಪಾಗಿದೆ ಅಂತ ಅನುಮಾನವೇ ಬರುವುದಿಲ್ಲ. ನನ್ನ ಗೆಳತಿಯೊಬ್ಬಳು ಎತ್ತರದ ಗೂಡಿನಲ್ಲಿದ್ದ ಮೂರ್ತಿಯನ್ನು ಸೆಲ್ಫಿ ಸ್ಟಿಕ್‌ಗೆ ಮೊಬೈಲ್ ಸಿಕ್ಕಿಸಿ ಮುಂದಿನ ಕ್ಯಾಮೆರಾದಿಂದ ತೆಗೆದಳು, ಸ್ಕ್ರೀನ್ ಕಾಣಲಿ ಅಂತ. ಕನ್ನಡಿಯ ಹಾಗೆ ತಿರುಗಿಸಿ ಸೇವ್ ಮಾಡುವ ಸೆಟ್ಟಿಂಗ್ ಆನ್ ಇತ್ತು. ನೇರವಾಗಿ ನೋಡಿದ ನನಗೆ ಕೇಶವ, ಪ್ರಿಂಟ್ ನೋಡಿದ ಅವಳಿಗೆ ಮಾಧವ. ಕೊನೆಗೆ ಅದೇ ಚೌಕಟ್ಟಿನಲ್ಲಿ ಎಣ್ಣೆಪೇಂಟ್‌ನಲ್ಲಿ ಬರೆದ "ಓಂ" ಉಲ್ಟಾ ಬಂದಿದ್ದನ್ನು ಕಂಡು ಜಗಳ ಮುಗಿಯಿತು. ಅಂದಿನಿಂದ ಪ್ರತಿ ಫೋಟೋದ ಮೂಲೆಯಲ್ಲಿ ಏನಾದರೂ ಅಕ್ಷರ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಏನೂ ಇಲ್ಲದಿದ್ದರೆ ಬಸ್ ಟಿಕೆಟ್ ಇಡುತ್ತೇನೆ. ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ ಇದಕ್ಕೂ ಆಯಿತು ನೋಡಿ.

ನಮ್ಮ ಅವ್ವನ ಸೀರೆ ಬದಲಾಯಿಸುವ ಹೊತ್ತಿಗೆ ಪೂಜಾರಿಯ ಮನೆಯವರು ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಆ ಒಪ್ಪಿಗೆ ಹೇಗೆ ಸಿಕ್ಕಿತು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಗುಟ್ಟು. ದುಡ್ಡು ಕೊಟ್ಟಿಲ್ಲ ಅಂತ ಮಾತ್ರ ಹೇಳಬಲ್ಲೆ. ಸೀರೆ ತೆಗೆದಾಗ ನಾಲ್ಕು ಕೈ. ಮೇಲಿನ ಬಲದಲ್ಲಿ ಶಂಖ, ಮೇಲಿನ ಎಡದಲ್ಲಿ ಚಕ್ರ, ಕೆಳಗಿನ ಎಡದಲ್ಲಿ ಗದೆ. ಕೆಳಗಿನ ಬಲಗೈ ಮೊಣಕೈಯಿಂದಲೇ ಮುರಿದಿದೆ. ಮೂರು ಸಿಕ್ಕರೆ ನಾಲ್ಕನೆಯದು ತಾನಾಗಿ ಗೊತ್ತಾಗುತ್ತದೆ, ಉಳಿದಿದ್ದು ಪದ್ಮ ಒಂದೇ. ಕೇಶವ. ಗದೆಯ ಕೈಯೂ ಮುರಿದಿದ್ದರೆ ಕೇಶವನೋ ವಾಸುದೇವನೋ ಅಂತ ಎರಡು ಹೆಸರು ಬರೆದು ನಿಲ್ಲಿಸಬೇಕಿತ್ತು. ಇನ್ನೊಂದು ಮಾತು, ಗ್ರಂಥದಿಂದ ಗ್ರಂಥಕ್ಕೆ ಕೆಲವು ಹೆಸರುಗಳ ಕ್ರಮ ಬದಲಾಗುತ್ತದೆ. ಯಾವ ಪಟ್ಟಿ ಹಿಡಿದಿರಿ ಅಂತ ಬರೆಯದಿದ್ದರೆ ವೈವಾದಲ್ಲಿ ಹಿಡಿಯುತ್ತಾರೆ.

ಹೆಸರು ಹಚ್ಚಿದರೆ ಅರ್ಧ ಕೆಲಸ ಮಾತ್ರ. ಈ ಕೇಶವ ಮೊದಲು ಎಲ್ಲಿದ್ದ? ಬಲಗಡೆಯ ಗರ್ಭಗುಡಿಯ ಬಾಗಿಲು ನೋಡಿದೆ. ಲಲಾಟದಲ್ಲಿ ಗಜಲಕ್ಷ್ಮಿ. ಅದನ್ನು ನೋಡಿ ವಿಷ್ಣು ಗುಡಿ ಅಂತ ಕುಣಿಯಬೇಡಿ, ನಮ್ಮ ಕಡೆ ಶಿವನ ಬಾಗಿಲ ಮೇಲೂ ಗಜಲಕ್ಷ್ಮಿ ಇರುತ್ತಾಳೆ, ಇದೇ ಗುಡಿಯ ನಡುವಿನ ಬಾಗಿಲಲ್ಲೂ ಇದ್ದಾಳೆ. ನೋಡಬೇಕಾದ್ದು ಕೆಳಗೆ, ದ್ವಾರಪಾಲಕರನ್ನು. ನಡುವಿನ ಬಾಗಿಲಲ್ಲಿ ತ್ರಿಶೂಲ, ಡಮರು ಹಿಡಿದವರು. ಬಲಗಡೆ ಬಾಗಿಲಲ್ಲಿ ಶಂಖ, ಚಕ್ರ, ಗದೆ ಹಿಡಿದವರು. ಒಳಗೆ ಮಾತ್ರ ಲಿಂಗ.

ಆಮೇಲೆ ನವರಂಗದ ಮೂಲೆಯಲ್ಲಿ ಒಂದು ಕಲ್ಲು. ಅದರ ಮೇಲೆ ತೆಂಗಿನಕಾಯಿ ಒಡೆಯುತ್ತಾರೆ. ಮುಂದಿನ ಮುಖದಲ್ಲಿ ಕೈಮುಗಿದು ಕೂತ ಒಂದು ಆಕೃತಿ, ಅದಕ್ಕೆ ಕೇಸರಿ ಬಳಿದು ಹನುಮಪ್ಪ ಅಂತ ಪೂಜೆ. ಸುಣ್ಣ, ಕೇಸರಿ, ಎಣ್ಣೆ ಸೇರಿ ಬೆರಳಷ್ಟು ದಪ್ಪ ಪದರ ಕೂತಿದೆ. ಟಾರ್ಚ್ ಓರೆಯಾಗಿ ಹಿಡಿದಾಗ ಭುಜದ ಹಿಂದೆ ರೆಕ್ಕೆಯ ತುದಿ ಕಂಡಿತು. ಬಾಲ ಇಲ್ಲ. ಗರುಡ. ಅಂದರೆ ಇದು ಪೀಠ! ಮೇಲೆ ನಡುವೆ ಕಾಯಿನೀರು ನಿಲ್ಲುವ ಗುಂಡಿ ಇದೆಯಲ್ಲ, ಅದು ಮೂರ್ತಿ ಕೂರಿಸುವ ಕುಳಿ. ಟೇಪ್ ಹಿಡಿದೆ, ಸುಮಾರು ಒಂಬತ್ತು ಇಂಚು ಅಗಲ. ಹೊರಗಿನ ಕೇಶವನ ಬುಡದ ಗೂಟ ಅದಕ್ಕಿಂತ ಅರ್ಧ ಇಂಚು ಕಡಿಮೆ. ದಪ್ಪವೂ ಹೊಂದುತ್ತದೆ. ಕಲ್ಲಿನ ಬಣ್ಣ ಒಂದೇ ಅನ್ನೋದು ಸಾಕ್ಷಿ ಅಲ್ಲ, ಗೂಟ ಕುಳಿಗೆ ಕೂರುವುದು ಸಾಕ್ಷಿ.

ಇಷ್ಟೆಲ್ಲ ಬರೆದುಕೊಂಡ ಮೇಲೇ ಪೂಜಾರಿಯ ಹತ್ತಿರ ಕೂತೆ. ಅವರು ಬಹಳ ಹೊತ್ತಿನಿಂದ ನೋಡುತ್ತಿದ್ದರು. "ಏನ್ ಬರಿಲತ್ತೀರವ್ವಾ ಇಷ್ಟೊತ್ತು?" ಅಂದರು. "ಮುತ್ಯಾ, ಈ ಅವ್ವನ ಕೈಯಾಗ ಗದಾ ಅದ ಅಲ್ರಿ?" ಅಂದೆ. "ಅದ ಅಲ್ಲಾ. ಅವ್ವ ರಾಕ್ಷಸರನ್ನ ಹೊಡ್ಯಾಕಿ, ಗದಾ ಇರಲಾರ್ದ ಹ್ಯಾಂಗ?" ಅಂದರು. ಆಯುಧ ಅವರಿಗೆ ಗೊತ್ತೇ ಇತ್ತು, ಅವರು ಅದನ್ನು ಬೇರೆ ಕತೆಯೊಳಗೆ ಓದಿದ್ದರು. ಈ ಸಾಲನ್ನು ಹಾಗೇ ಅಸೈನ್‌ಮೆಂಟ್‌ಗೆ ಹಾಕಿದೆ. ಊರವರು ಅಜ್ಞಾನದಿಂದ ದೇವಿ ಅಂತಾರೆ ಅಂತ ಬರೆಯುವವರ ಪೇಪರ್‌ಗಳೆಲ್ಲ ಇಲ್ಲೇ ಸೋಲುವುದು.

ಬಳಕೆಯ ಗುರುತುಗಳನ್ನು ಪ್ರಿಂಟ್ ಮೇಲೆ ಸ್ಕೆಚ್ ಪೆನ್‌ನಿಂದ ಗುರುತಿಸಿದೆ. ಎಣ್ಣೆಗೆ ಒಂದು ಬಣ್ಣ, ಅರಿಶಿನ ಕುಂಕುಮಕ್ಕೆ ಒಂದು, ಸವೆತಕ್ಕೆ ಒಂದು, ಮುರಿತಕ್ಕೆ ಒಂದು. ಸವೆದ ಕಲ್ಲು ನುಣ್ಣಗೆ, ಅಂಚು ದುಂಡಗೆ, ಹೊಳಪು ಇರುತ್ತದೆ. ಮುರಿದದ್ದು ಒರಟು. ಕೇಶವನ ಪಾದ ನುಣ್ಣಗಾಗಿದೆ, ಮೊಣಕಾಲಿನವರೆಗೂ. ಚಕ್ರ ಶಂಖ ಮಾತ್ರ ಚೂಪಾಗೇ ಉಳಿದಿವೆ, ಅವು ಸೀರೆಯ ಹಿಂದೆ ಇರುತ್ತವೆ ಮತ್ತು ಯಾರೂ ಮುಟ್ಟುವುದಿಲ್ಲ. ಕೆತ್ತಿದವನಿಗೆ ಹೆಸರು ಹೇಳುವ ಕೈಗಳು ಮುಖ್ಯ, ಇವತ್ತು ಬರುವವರಿಗೆ ಪಾದ ಮುಖ್ಯ. ಒಂದೇ ಕಲ್ಲಿನ ಮೇಲೆ ಎರಡೂ ಕಾಣುತ್ತಿವೆ.

ಹೊರಗೆ ಯಾಕೆ ಬಂದ ಅನ್ನೋದಕ್ಕೆ ನಾನು ಕತೆ ಕಟ್ಟಲಿಲ್ಲ. ಯಾರೋ ಕಿತ್ತುಹಾಕಿದರು ಅಂತ ಬರಿ ಎಂದು ಒತ್ತಾಯ ಇತ್ತು. ಮುರಿದು ಭಿನ್ನವಾದ ಮೂರ್ತಿಯನ್ನು ಗರ್ಭಗುಡಿಯಲ್ಲಿ ಇಡುವುದಿಲ್ಲ, ಹಾಗಾಗಿ ಕೈ ಮುರಿದ ಕಾರಣಕ್ಕೇ ಹೊರಗೆ ಇಟ್ಟಿರಬಹುದು. ಇಲ್ಲವೇ ಹೊರಗೆ ತರುವಾಗ ಮುರಿದಿರಬಹುದು. ಮುರಿತ ನೋಡಿದರೆ ಯಾವುದು ಮೊದಲು ಅಂತ ಹೇಳಲಾಗುವುದಿಲ್ಲ.

ನಡುವೆ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರದ ಕನಗನಹಳ್ಳಿ ಸ್ತೂಪದ ಆ ಫಲಕದ ಫೋಟೋ, ರಾಜ, ಪಕ್ಕದಲ್ಲಿ ರಾಣಿಯರು, ಛತ್ರಿ ಹಿಡಿದವರು ಇರುವುದು. ಇವನು ಅಶೋಕ ಅಂತ ಹೇಳುವ ಬ್ರಾಹ್ಮಿ ಅಕ್ಷರಗಳನ್ನು ಕಾಗದದಿಂದ ಮುಚ್ಚಿ ರೂಮಿನ ಹುಡುಗಿಯರಿಗೆ ತೋರಿಸಿದೆ. ಒಬ್ಬಳೂ ಅಶೋಕ ಅನ್ನಲಿಲ್ಲ, ಅನ್ನುವುದು ಸಾಧ್ಯವೂ ಇಲ್ಲ. ಅವನಿಗೆ ಶಂಖ ಚಕ್ರದಂಥ ಗುರುತಿಲ್ಲ, ಅಲ್ಲಿ ಹೆಸರು ಹೇಳುವುದು ಅಕ್ಷರ ಮಾತ್ರ. ನನ್ನ ವಿಧಾನದ ಮಿತಿ ಅಂತ ಇದನ್ನೇ ಬರೆದೆ. ಇದಕ್ಕೆ ಉಲ್ಟಾ ಸನ್ನತಿಯಲ್ಲೇ ಇದೆ. ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯಲ್ಲಿ ಅಶೋಕನ ಶಾಸನದ ಕಲ್ಲನ್ನೇ ಮೂರ್ತಿಯ ಪೀಠ ಮಾಡಿದ್ದರು. 1986ರಲ್ಲಿ ಮಾಳಿಗೆ ಕುಸಿದಾಗ ಅದು ಹೊರಬಂತು. ಕುಳಿ ಕೊರೆದ ಜಾಗದಲ್ಲಿ ಅಕ್ಷರ ಹೋಗಿವೆ. ನಮ್ಮ ಗುಡಿಯ ಪೀಠದ ಮೇಲೆ ಕಾಯಿ ಒಡೆಯುವುದನ್ನು ಅದರ ಪಕ್ಕದಲ್ಲಿಟ್ಟು ಬರೆದ ಒಂದು ಪ್ಯಾರಾವೇ ಪರೀಕ್ಷಕರಿಗೆ ಹಿಡಿಸಿದ್ದು ಅಂತ ನನ್ನ ಅಂದಾಜು.

ಒಟ್ಟು ಖರ್ಚು ಎರಡು ಸಾವಿರದ ಆಸುಪಾಸು. ಬಸ್ ಫ್ರೀ, ಟಂಟಂಗೆ ಒಂದು ಕಡೆಗೆ 20 ರೂಪಾಯಿ, ಉಳಿದದ್ದೆಲ್ಲ ಪ್ರಿಂಟ್ ಮತ್ತು ಟಾರ್ಚ್. ವೈವಾದಲ್ಲಿ ಬಂದ ಮೊದಲ ಪ್ರಶ್ನೆ "ಇದು ಮಾಧವ ಅಲ್ಲ ಅಂತ ಹೇಗೆ ಹೇಳುತ್ತೀರಿ?" ನಾನು ಫೋಟೋದ ಮೂಲೆಯ ಬಸ್ ಟಿಕೆಟ್ ತೋರಿಸಿದೆ. ಎರಡನೆಯ ಪ್ರಶ್ನೆ ಪೀಠದ ಬಗ್ಗೆ, ಅದಕ್ಕೆ ಗೂಟ ಕುಳಿಯ ಅಳತೆ ಹೇಳಿದೆ. ಎರಡು ಮಾರ್ಕ್ಸ್ ಕಳೆದದ್ದು ಗುಡಿಯ ನಕ್ಷೆಯಲ್ಲಿ ಉತ್ತರ ದಿಕ್ಕು ಹಾಕಿಲ್ಲ ಅಂತ.